ಚಹಾ ಚೆಲ್ಲಿದ ಕೀಬೋರ್ಡಿಗೆ ಐಪಿಎ ಒಂದೇ ಸಾಲದು

ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಟುಂಗಾದ ಉಡುಪಿ ಹೋಟೆಲಿನ ಕ್ಯಾಶಿಯರ್ ಅಣ್ಣ ಒಬ್ಬರು ಲ್ಯಾಪ್‌ಟಾಪ್, ಫೋನು ಎರಡನ್ನೂ ತಂದರು. ಫೋನಿನ ಮೇಲೆ ತುಪ್ಪದ ಕೈ ಗುರುತು. ಕೀಬೋರ್ಡಿನ ಮೇಲೆ ಅರ್ಧ ಲೋಟ ಚಹಾ ಚೆಲ್ಲಿತ್ತು.

ಮೈಕ್ರೋಫೈಬರ್ ಬಟ್ಟೆಯ ಮೂಲೆಗೆ ಶೇ. 70ರ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಚ್ಚಿ ಫೋನನ್ನು ಮೆಲ್ಲಗೆ ಒರೆಸಿದೆ. ಜಿಡ್ಡು ಒಂದೇ ಸಲಕ್ಕೆ ಹೋಯಿತು. ಅದೇ ಧೈರ್ಯದಲ್ಲಿ, ಅಂಟುತ್ತಿದ್ದ ಕೀಗಳ ಸಂದಿಗೆ ಶೇ. 99ರ ಐಪಿಎ ಬಿಟ್ಟೆ. ಕೀಗಳು ಸಲೀಸಾಗಿ ಆಡಿದವು. ಮಾರನೇ ದಿನ ಅಣ್ಣ ವಾಪಸ್ ಬಂದರು. “ನಿನ್ನೆ ಸರಿ ಇತ್ತು ಮಾರಾಯ, ಇವತ್ತು ಮತ್ತೆ ಅಂಟ್ತಾ ಉಂಟು.”

ನನ್ನ ತಪ್ಪು ಅಲ್ಲೇ ಇತ್ತು. ಐಪಿಎ ಎಣ್ಣೆ, ಜಿಡ್ಡನ್ನು ಕರಗಿಸುತ್ತದೆ. ಸಕ್ಕರೆಯನ್ನು ಕರಗಿಸುವುದಿಲ್ಲ ಅಂದರೂ ಸರಿಯೇ. ಅದು ಹಸಿ ಇದ್ದಷ್ಟು ಹೊತ್ತು ಕೀ ಜಾರುತ್ತದೆ, ಆರಿದ ಮೇಲೆ ಸಕ್ಕರೆ ಮತ್ತೆ ಹಿಡಿದುಕೊಳ್ಳುತ್ತದೆ. ಸಕ್ಕರೆಗೆ ನೀರೇ ಬೇಕು.

ಎರಡನೇ ಸಲ ಸಮಾಧಾನವಾಗಿ ಮಾಡಿದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಹಿಂದಿನ ಕವರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿದೆ. ಚಹಾ ಒಳಗಿನ ಮದರ್‌ಬೋರ್ಡಿನವರೆಗೆ ಇಳಿದಿದೆಯಾ ಅಂತ ನೋಡಿದೆ, ಇಳಿದಿರಲಿಲ್ಲ. ಕೀಗಳ ಫೋಟೋ ತೆಗೆದುಕೊಂಡು, ಅಂಟಿದ ಕೀಗಳ ಮುಚ್ಚಳವನ್ನಷ್ಟೇ ಎಬ್ಬಿಸಿದೆ. ಕೆಳಗಿರುವ ಕತ್ತರಿಯಾಕಾರದ ಪ್ಲಾಸ್ಟಿಕ್ ತುಂಬ ನಾಜೂಕು, ಅವಸರ ಮಾಡಿದರೆ ಅದರ ಕೊಂಡಿ ಮುರಿಯುತ್ತದೆ. ಇಯರ್‌ಬಡ್ಡನ್ನು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಹಿಂಡಿ, ಅಂಟು ಇರುವಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಬಡ್ ಕಂದು ಬಣ್ಣಕ್ಕೆ ತಿರುಗಿತು. ಹೊಸ ಬಡ್ ಬೆಳ್ಳಗೇ ಉಳಿಯುವವರೆಗೆ ಅದನ್ನೇ ಮಾಡಿದೆ. ಆಮೇಲೆ ಶೇ. 99ರ ಐಪಿಎ. ಉಳಿದ ನೀರಿನ ಜೊತೆ ಬೆರೆತು ಬೇಗ ಆರುವುದಕ್ಕೆ ಅದು ಬೇಕು. ಶೇ. 70ರದ್ದರಲ್ಲಿ ಉಳಿದ 30 ಭಾಗ ನೀರೇ ಅಲ್ವಾ, ಹಾಗಾಗಿ ಒಳಗಿನ ಕೆಲಸಕ್ಕೆ ಅದನ್ನು ಬಳಸುವುದಿಲ್ಲ. ಕಿಟಕಿ ತೆರೆದಿಟ್ಟು, ಸೋಲ್ಡರಿಂಗ್ ಐರನ್ ಆರಿಸಿಯೇ ಬಾಟಲಿ ತೆಗೆಯಬೇಕು. ಅದರ ಆವಿಗೆ ಬೆಂಕಿ ಬೇಗ ಹಿಡಿಯುತ್ತದೆ.

ಫೋನಿನ ವಿಷಯದಲ್ಲಿ ಅಣ್ಣನಿಗೆ ಒಂದು ಮಾತು ಹೇಳಿದೆ. ಸುಮ್ನೆ ದಿನಾ ಐಪಿಎ ಹಾಕಿ ಉಜ್ಜಬೇಡಿ, ಗಾಜಿನ ಮೇಲಿರುವ ಎಣ್ಣೆ ಹಿಡಿಯದ ತೆಳು ಲೇಪ ಸವೆಯುತ್ತದೆ. ನೀರಿನ ಹನಿ ಮಣಿಯಂತೆ ನಿಲ್ಲದೆ ಹರಡಿದರೆ ಲೇಪ ಹೋಗಿದೆ ಅಂತ ತಿಳಿಯಿರಿ. ಬಾಟಲಿಯಿಂದ ನೇರವಾಗಿ ಸಿಂಪಡಿಸಲೂ ಬೇಡಿ, ಸ್ಪೀಕರ್ ಜಾಲರಿಯೊಳಗೆ ಇಳಿಯುತ್ತದೆ.

ಒಂದು ದಿನ ಪೂರ್ತಿ ಆರಿಸಿ ಜೋಡಿಸಿದೆ. ಎಲ್ಲ ಕೀಗಳೂ ಚೆನ್ನಾಗಿ ಪುಟಿಯುತ್ತಿದ್ದವು. ಆದರೆ ಎರಡು ಕೀ ಒತ್ತಿದರೆ ಅಕ್ಷರ ಬರಲಿಲ್ಲ. ಅಂದರೆ ಚಹಾ ಕೀಗಳ ಕೆಳಗಿನ ಪ್ಲಾಸ್ಟಿಕ್ ಹಾಳೆಗಳ ನಡುವೆ ಹೊಕ್ಕಿತ್ತು. ಆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಬಡ್ ಅಲ್ಲಿಗೆ ತಲುಪುವುದಿಲ್ಲ. ಅಣ್ಣನಿಗೆ ಅದನ್ನು ತೋರಿಸಿ, ಹೊಸ ಕೀಬೋರ್ಡ್ ಹಾಕಿಕೊಟ್ಟೆ.