ಹುಳಮನೆ ಆ್ಯಪ್‌ಗೆ ದುಡ್ಡು: ಎರಡು ಸಲ ಬರೆದ ಸಂದೇಶ

ಭಾನುವಾರ

ಕೊನೆಗೂ ಲೆಕ್ಕ ಹಾಕಿದೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಸಾಕುವವರಿಗೆ ಮಾಡಿದ ಈ ಆ್ಯಪ್‌ನಲ್ಲಿ ನನ್ನ ಜೇಬು ತಿನ್ನುತ್ತಿರೋದು ಸರ್ವರ್ ಅಲ್ಲ, ಎಸ್ಸೆಮ್ಮೆಸ್. ಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತಾಗ ಸುಣ್ಣ, ಎದ್ದಮೇಲೆ ಸೋಂಕು ತಡೆಯೋ ಪುಡಿ ಅಂತ ನೆನಪಿಸೋ ಸಂದೇಶ ಮಗನ ಜೊತೆ ಕೀಪ್ಯಾಡ್ ಫೋನಿನ ಅಪ್ಪನಿಗೂ ಹೋಗಬೇಕು. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತೆ, ಕನ್ನಡ 70 ಮಾತ್ರ. ಅದರಲ್ಲೂ ‘ಸುಣ್ಣ’ ನಮಗೆ ಎರಡಕ್ಷರ, ಫೋನಿಗೆ ಐದು. ಕೊಂಬು, ಒತ್ತು ಎಲ್ಲಾ ಬಿಡಿಬಿಡಿಯಾಗಿ ಎಣಿಕೆ. ಹಾಗಾಗಿ ಒಂದು ನೆನಪಿಗೆ ಎರಡು ಎಸ್ಸೆಮ್ಮೆಸ್ ಬಿಲ್ಲು. ಒಂದು ಸಲ ಹುಳ ಸಾಕಿ ಗೂಡು ಬಿಡಿಸೋವರೆಗೆ ಒಂದು ಬೆಳೆ. ಬೆಳೆಗೆ 12 ನೆನಪು, ಎರಡು ಫೋನು ಅಂದರೆ 48 ಎಸ್ಸೆಮ್ಮೆಸ್. ನನಗೆ ಬೀಳೋ 20 ಪೈಸೆ ಲೆಕ್ಕದಲ್ಲಿ 9 ರೂಪಾಯಿ 60 ಪೈಸೆ.

ಆ್ಯಪ್‌ನಲ್ಲಿರೋ ಗೂಡಿನ ಲೆಕ್ಕದ ಪುಸ್ತಕಕ್ಕೆ ಕಾಸು ಕೇಳೋದಿಲ್ಲ. ಎಸ್ಸೆಮ್ಮೆಸ್‌ಗೆ ಮಾತ್ರ ಬೆಳೆಗೆ 20 ರೂಪಾಯಿ. ಅದರಲ್ಲಿ ಪ್ಲೇ ಸ್ಟೋರ್ 15% ಹಿಡಿದರೆ ಮೂರು ರೂಪಾಯಿ ಹೋಯ್ತು. ಉಚಿತವಾಗಿ ಬಿಟ್ಟ ಆ್ಯಪ್‌ಗೆ ಆಮೇಲೆ ಬೆಲೆ ಕಟ್ಟೋಕೆ ಅಲ್ಲಿ ಬಿಡೋದೂ ಇಲ್ಲ, ಒಳಗೆ ಏನಾದರೂ ಮಾರಬಹುದು ಅಷ್ಟೆ. ತಿಂಗಳ ಚಂದಾ ಬೇಡ ಅನ್ನಿಸಿತು. ಹುಳ ಇಲ್ಲದ ತಿಂಗಳಿಗೆ ಯಾರು ಕೊಡ್ತಾರೆ?

ಬುಧವಾರ

ಮೊದಲ ಸಂದೇಶ ಕೆಟ್ಟಿತು. ‘ಪ್ರಿಯ ಬಳಕೆದಾರರೇ, ನಮ್ಮ ಆ್ಯಪ್ ಇನ್ನು ಮುಂದೆ ಹಣ ಕೊಟ್ಟು...’ ಮುಚ್ಚಿದ ನೋಟಿಫಿಕೇಶನ್‌ನಲ್ಲಿ ಕಾಣೋದು ಅಷ್ಟೇ. ಪರೀಕ್ಷೆಗೆ ಚಿಕ್ಕಪ್ಪನ ಫೋನಿಗೆ ಕಳಿಸಿದ್ದೆ. ಹತ್ತು ನಿಮಿಷಕ್ಕೇ ಫೋನು: ‘ಏನೋ, ನನ್ನ ಗೂಡಿನ ಲೆಕ್ಕ ತೆಗೀಬೇಕಾದ್ರೂ ದುಡ್ಡು ಕೇಳ್ತೀಯಾ?’ ಕೆಳಗೆ ನಾಲ್ಕನೇ ಸಾಲಿನಲ್ಲಿ ಉತ್ತರ ಇತ್ತು. ಅಲ್ಲಿವರೆಗೆ ಅವರು ಓದಿರಲಿಲ್ಲ.

ಇನ್ನೊಂದು ಮುಳ್ಳು. ಶುರುವಲ್ಲಿ ಹುರುಪಿಗೆ ‘ಸದಾ ಉಚಿತ’ ಅಂತ ನಾನೇ ಬರೆದಿದ್ದೆ. ಸದ್ದಿಲ್ಲದೆ ಅಳಿಸಿಬಿಡಬಹುದಿತ್ತು, ಆದರೆ ಹಳಬರ ಫೋನಿನಲ್ಲಿ ಆ ಸ್ಕ್ರೀನ್‌ಶಾಟ್ ಇರುತ್ತೆ.

ಶುಕ್ರವಾರ

ಹೊಸದು ಹೀಗಿದೆ:

‘ನಿಮ್ಮ ಹಳೆ ಲೆಕ್ಕ ಹಾಗೇ ಇರುತ್ತೆ, ಅದಕ್ಕೆ ದುಡ್ಡಿಲ್ಲ. ಎಸ್ಸೆಮ್ಮೆಸ್ ನೆನಪಿಗೆ ಮಾತ್ರ ಇನ್ನು ಬೆಳೆಗೆ 20 ರೂ. ಸದಾ ಉಚಿತ ಅಂತ ಹೇಳಿದ್ದೆ, ಅದು ನನ್ನ ತಪ್ಪು. ಎಸ್ಸೆಮ್ಮೆಸ್ ಖರ್ಚು ಕೈಯಿಂದ ಹಾಕಿ ಹಾಕಿ ಆಗ್ತಿಲ್ಲ. ಈಗ ಮನೇಲಿರೋ ಹುಳ ಹಣ್ಣಾಗಿ ಗೂಡು ಬಿಡಿಸೋವರೆಗೆ ನೆನಪು ನಿಲ್ಲಲ್ಲ. ಮುಂದಿನ ಬೆಳೆಗೆ ನೀವು ಒತ್ತಿದರಷ್ಟೇ ದುಡ್ಡು, ತಾನಾಗಿ ಕಟ್ ಆಗಲ್ಲ. ಬೇಡವಾದರೆ ಲೆಕ್ಕದ ಪ್ರತಿ ಇಳಿಸಿಕೊಳ್ಳಿ, ಬಟನ್ ಕೆಳಗಿದೆ.’

‘ಗೂಡು ಬಿಡಿಸೋವರೆಗೆ’ ಅನ್ನೋದಕ್ಕೆ ಕೋಡ್ ತಿದ್ದಬೇಕಾಯ್ತು. ಮೊದಲು ಒಂದನೇ ತಾರೀಖಿಗೆ ನಿಲ್ಲೋ ಹಾಗಿತ್ತು. ನಾಲ್ಕನೇ ಜ್ವರದಲ್ಲಿರೋ ಹುಳಕ್ಕೆ ತಾರೀಖು ಗೊತ್ತಾ? ಈಗ ಪ್ರತಿ ಬೆಳೆಯ ಸಾಲಿನಲ್ಲೇ ‘ಹಳೇ ಕರಾರು’ ಅಂತ ಗುರುತು ಬೀಳುತ್ತೆ.

ಚಿಕ್ಕಪ್ಪ ಮೊದಲ ಸಾಲು ಓದಿ ಫೋನು ಜೇಬಿಗಿಟ್ಟುಕೊಂಡರು. ಪೂರ್ತಿ ಓದಲಿಲ್ಲ.

ಉಳಿದಿರೋದು ಕೀಪ್ಯಾಡ್ ಫೋನಿನವರು. ಅವರಿಗೆ ಇದನ್ನೂ ಎಸ್ಸೆಮ್ಮೆಸ್‌ನಲ್ಲೇ ಹೇಳಬೇಕು, ಅದರ ಒಕ್ಕಣೆಗೆ, ಅಂದರೆ ಹೊಸ ಟೆಂಪ್ಲೇಟ್‌ಗೆ, ಮೊಬೈಲ್ ಕಂಪನಿ ಕಡೆಯಿಂದ ಮೊದಲೇ ಒಪ್ಪಿಗೆ ಬರಬೇಕು. ಎಷ್ಟು ಕತ್ತರಿಸಿದರೂ 70ಕ್ಕೆ ಇಳಿಯುತ್ತಿಲ್ಲ.