ಐ-ಸಿವಿಐ ಕಮ್ಮಿ ಬಂದ್ರೆ ಐಟಂ ತೆಗೆದುಬಿಡ್ಬೇಕಾ?

"ಮೇಡಂ, ನನ್ನ ಪ್ರಶ್ನಾವಳಿನ ಆರು ಜನ ಎಕ್ಸ್‌ಪರ್ಟ್‌ಗಳಿಗೆ ಕಳ್ಸಿದ್ದೆ. ಎರಡು ಐಟಂಗೆ ಐ-ಸಿವಿಐ 0.78ಗಿಂತ ಕಮ್ಮಿ ಬಂದಿದೆ. ಗೈಡ್ ತೆಗೆದುಹಾಕು ಅಂತಾರೆ, ಫ್ರೆಂಡ್ಸ್ ಆವರೇಜ್ ಚೆನ್ನಾಗಿದ್ರೆ ಬಿಡು ಅಂತಾರೆ. ಏನ್ಮಾಡ್ಲಿ?"

ಐ-ಸಿವಿಐ ಅಂದ್ರೆ ಒಂದು ಐಟಂ, ಅಂದ್ರೆ ಒಂದು ಪ್ರಶ್ನೆ, ಅಳೀಬೇಕಾದ ವಿಷಯಕ್ಕೆ ಸಂಬಂಧಪಟ್ಟಿದೆ ಅಂತ ಪ್ಯಾನಲ್‌ನಲ್ಲಿ ಎಷ್ಟು ಪಾಲು ಜನ ಒಪ್ಪಿದಾರೆ ಅನ್ನೋ ಲೆಕ್ಕ. ಇಬ್ಬರ ಮಾತೂ ಕೇಳ್ಬೇಡಿ, ಮೊದ್ಲು ಆ ಎಕ್ಸ್‌ಪರ್ಟ್‌ಗಳು ಪಕ್ಕದ ಕಾಲಂನಲ್ಲಿ ಏನ್ ಬರ್ದಿದಾರೆ ಅಂತ ಓದಿ. ಕಾಮೆಂಟ್ ಕಾಲಮ್ಮೇ ಇಟ್ಟಿಲ್ಲ ಅಂದ್ರೆ, ಕಮ್ಮಿ ಮಾರ್ಕ್ಸ್ ಕೊಟ್ಟವರಿಗೆ ಫೋನ್ ಮಾಡಿ ಕೇಳಿ. ಯಾಕೆ ಅಂತ ಒಂದು ಉದಾಹರಣೆ ಹಿಡ್ಕೊಂಡೇ ಹೇಳ್ತೀನಿ.

ಬಿಪಿ ಇರೋರು ಮಾತ್ರೆನ ಹೇಳಿದ ಹಾಗೆ ತಗೊಳ್ತಾರಾ ಅಂತ ಅಳೆಯೋಕೆ 12 ಐಟಂನ ಒಂದು ಪ್ರಶ್ನಾವಳಿ ಇದೆ ಅಂತಿಟ್ಕೊಳ್ಳಿ. ಪ್ಯಾನಲ್‌ನಲ್ಲಿ ಇಬ್ಬರು ಫಿಸಿಷಿಯನ್, ಒಬ್ಬ ಫಾರ್ಮಸಿಸ್ಟ್, ಇಬ್ಬರು ನರ್ಸಿಂಗ್ ಟೀಚರ್ಸ್, ಒಬ್ಬರು ಸ್ಕೇಲ್ ಡೆವಲಪ್ ಮಾಡಿ ಅನುಭವ ಇರೋ ಸೈಕಾಲಜಿಸ್ಟ್. ಒಬ್ಬೊಬ್ಬರೂ ಬೇರೆಬೇರೆಯಾಗಿ ಕೂತು, ಪ್ರತಿ ಐಟಂಗೂ 1ರಿಂದ 4ರ ಒಳಗೆ ಒಂದು ನಂಬರ್ ಕೊಡ್ತಾರೆ. 1 ಅಂದ್ರೆ ಸಂಬಂಧಾನೇ ಇಲ್ಲ, 2 ಅಂದ್ರೆ ಸ್ವಲ್ಪ ಇದೆ, 3 ಸಾಕಷ್ಟು ಇದೆ, 4 ಪೂರ್ತಿ ಇದೆ. 3 ಅಥವಾ 4 ಕೊಟ್ಟವರೆಷ್ಟು ಜನ ಅಂತ ಎಣಿಸಿ, ಒಟ್ಟು ಎಷ್ಟು ಜನ ಅನ್ನೋದ್ರಿಂದ ಭಾಗಿಸಿದ್ರೆ ಅದೇ ಐ-ಸಿವಿಐ, ಅಷ್ಟೇ ಲೆಕ್ಕ. ಎಕ್ಸೆಲ್‌ನಲ್ಲಿ Bಯಿಂದ Gವರೆಗೆ ಆರು ಎಕ್ಸ್‌ಪರ್ಟ್‌ಗಳ ಕಾಲಂ ಇದ್ರೆ ಹೀಗೆ ಹಾಕಿ:

```
=COUNTIF(B2:G2,">=3")/COUNT(B2:G2)
```

ಛೇದದಲ್ಲಿ ಸುಮ್ನೆ 6 ಅಂತ ಟೈಪ್ ಮಾಡ್ಬೇಡಿ, COUNT ಹಾಕಿ, ಯಾಕಂದ್ರೆ ಯಾರೋ ಒಬ್ಬರು ಒಂದು ಐಟಂ ಖಾಲಿ ಬಿಟ್ಟಿರ್ತಾರೆ, ಆಗ ಖಾಲಿ ಬಿಟ್ಟಿದ್ದೂ "ಬೇಡ" ಅಂದ ಹಾಗೇ ಲೆಕ್ಕಕ್ಕೆ ಬಂದುಬಿಡತ್ತೆ.

ನಮ್ಮ ಉದಾಹರಣೇಲಿ 8 ಐಟಂಗೆ ಆರೂ ಜನ ಒಪ್ಪಿದಾರೆ, ಅಂದ್ರೆ 1.00. ಎರಡು ಐಟಂಗೆ ಐದು ಜನ, 0.83. ಏಳನೇ ಐಟಂಗೆ ನಾಲ್ಕು ಜನ, 0.67. ಹನ್ನೊಂದನೇದಕ್ಕೆ ಮೂರೇ ಜನ, 0.50. ಈಗ ಹನ್ನೆರಡರದ್ದೂ ಸೇರಿಸಿ ಆವರೇಜ್ ತೆಗೀರಿ, 0.90 ಬರತ್ತೆ! ಇಡೀ ಸ್ಕೇಲ್‌ಗೆ ಆವರೇಜ್ 0.90 ಇದ್ರೆ ಚೆನ್ನಾಗಿದೆ ಅನ್ನೋದು ತುಂಬಾ ಜನ ಬಳಸೋ ಕಟ್ಟಳೆ. ಅರ್ಧ ಪ್ಯಾನಲ್ ಬೇಡ ಅಂದ ಐಟಂ ಒಳಗೇ ಕೂತಿದ್ರೂ ಸ್ಕೇಲ್ ಪಾಸ್. ನಿಮ್ಮ ಫ್ರೆಂಡ್ಸ್ ಹೇಳಿದ್ದಕ್ಕೆ ನಾನು ತಲೆ ಆಡಿಸದೇ ಇರೋದು ಇದಕ್ಕೇ. ಐಟಂ ಬಗ್ಗೆ ತೀರ್ಮಾನ ಮಾಡೋವಾಗ ಆವರೇಜ್ ನೋಡ್ಲೇಬೇಡಿ, ಅದು ಕೊನೇಗೆ ರಿಪೋರ್ಟ್ ಬರೆಯೋಕೆ ಮಾತ್ರ.

ಇನ್ನು ಈ 0.78 ಎಲ್ಲಿಂದ ಬಂತು ಅಂತ ತುಂಬಾ ಜನಕ್ಕೆ ಗೊತ್ತಿರಲ್ಲ, ಆದ್ರೆ ಪಾಸ್ ಮಾರ್ಕ್ ತರ ಹಿಡ್ಕೊಂಡಿರ್ತಾರೆ. 1986ರಲ್ಲಿ ಲಿನ್ ಅನ್ನೋರು ಬರೆದ ಲೇಖನದಲ್ಲಿ ಎಷ್ಟು ಜನ ಎಕ್ಸ್‌ಪರ್ಟ್ಸ್ ಇದ್ರೆ ಎಷ್ಟು ಜನ ಒಪ್ಪಿರ್ಬೇಕು ಅನ್ನೋ ಪಟ್ಟಿ ಇದೆ. ಐದು ಅಥವಾ ಅದಕ್ಕಿಂತ ಕಮ್ಮಿ ಜನ ಇದ್ರೆ ಎಲ್ಲರೂ ಒಪ್ಪಿರ್ಬೇಕು. ಆರು ಅಥವಾ ಜಾಸ್ತಿ ಇದ್ರೆ ಸ್ವಲ್ಪ ಭಿನ್ನಾಭಿಪ್ರಾಯ ಇರ್ಬಹುದು, ಆದ್ರೆ 0.78ಗಿಂತ ಕೆಳಗೆ ಹೋಗ್ಬಾರ್ದು. ಈಗ ಜನದ ಲೆಕ್ಕದಲ್ಲಿ ನೋಡಿ. ಆರು ಜನ ಇದ್ದಾಗ 0.67 ಆದ್ಮೇಲೆ ಸೀದಾ 0.83, ನಡುವೆ ಏನೂ ಇಲ್ಲ. ಅಂದ್ರೆ ಆರು, ಏಳು, ಎಂಟು ಜನ ಇದ್ದಾಗ ಆ ಗೆರೆಯ ಅರ್ಥ ಒಂದೇ, ಒಬ್ಬರು ಬೇಡ ಅನ್ಬಹುದು, ಇಬ್ಬರು ಅನ್ನೋ ಹಾಗಿಲ್ಲ. ಒಂಬತ್ತು ಜನ ಆದಾಗ ಏಳು ಜನ ಒಪ್ಪಿದ್ರೂ 0.78 ಆಗತ್ತೆ, ಅಲ್ಲಿ ಇಬ್ಬರು ಬೇಡ ಅಂದ್ರೂ ನಡೀತದೆ. ಒಬ್ಬರ ಅಭಿಪ್ರಾಯದಿಂದ ಐಟಂನ ಹಣೆಬರಹ ಬದಲಾಗೋವಾಗ, ಎರಡನೇ ದಶಮಾಂಶ ಹಿಡ್ಕೊಂಡು ಜಗಳ ಆಡೋದ್ರಲ್ಲಿ ಅರ್ಥ ಇಲ್ಲ ಅಲ್ವಾ.

ಐದು ಜನರ ಪ್ಯಾನಲ್ ಇಟ್ಕೊಂಡೋರಿಗೆ ಇನ್ನೊಂದು ಗೊಂದಲ. ನಾಲ್ಕು ಜನ ಒಪ್ಪಿದ್ರೆ 0.80, 0.78ಗಿಂತ ಜಾಸ್ತೀನೇ, ಆದ್ರೆ ಲಿನ್ ಪ್ರಕಾರ ಫೇಲ್. 2007ರಲ್ಲಿ ಪೊಲಿಟ್, ಬೆಕ್, ಓವನ್ ಸೇರಿ ಇದಕ್ಕೆ ಇನ್ನೊಂದು ದಾರಿ ತೋರಿಸಿದ್ರು. ಎಲ್ಲರೂ ನಾಣ್ಯ ಚಿಮ್ಮಿ ಮಾರ್ಕ್ಸ್ ಕೊಟ್ಟಿದ್ರೂ ಅಕಸ್ಮಾತ್ತಾಗಿ ಇಷ್ಟು ಜನ ಒಪ್ಪೋ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಿ, ಅದನ್ನ ಕಳೆದು ನೋಡೋದು. N ಒಟ್ಟು ಎಕ್ಸ್‌ಪರ್ಟ್ಸ್, A ಒಪ್ಪಿದವರು, pc ಆ ಅಕಸ್ಮಾತ್ ಸಾಧ್ಯತೆ, k* ಅದನ್ನ ಕಳೆದ ಮೇಲೆ ಬರೋ ಕಪ್ಪಾ:

```
pc = COMBIN(N,A) * 0.5^N
k* = (I-CVI - pc) / (1 - pc)
```

ಐದರಲ್ಲಿ ನಾಲ್ಕಕ್ಕೆ ಈ ಕಪ್ಪಾ 0.76, ಅವರ ಅಳತೇಲಿ 0.74ಗಿಂತ ಮೇಲಿದ್ರೆ ಅತ್ಯುತ್ತಮ. ನಮ್ಮ ಏಳನೇ ಐಟಂಗೆ ಹಾಕಿದ್ರೆ pc 0.23, ಕಪ್ಪಾ 0.56ರ ಹತ್ತಿರ, ಅಂದ್ರೆ ಪರವಾಗಿಲ್ಲ ಅನ್ನೋ ಮಟ್ಟ. ಹನ್ನೊಂದನೇದಕ್ಕೆ 0.27, ಅದು ಏನಕ್ಕೂ ಸಾಲಲ್ಲ. ಯಾವ ಕಟ್ಟಳೆ ಬಳಸ್ತೀರಿ ಅಂತ ಡೇಟಾ ಬರೋಕೆ ಮುಂಚೆನೇ ಬರೆದಿಡಿ, ಬಂದ್ಮೇಲೆ ಅನುಕೂಲ ನೋಡ್ಕೊಂಡು ಆರಿಸಿದ್ರೆ ವೈವಾದಲ್ಲಿ ಸಿಕ್ಕಿಬೀಳ್ತೀರಿ.

ಸರಿ, ಈಗ ಆ ಎರಡು ಐಟಂಗೆ ಬರೋಣ, ಅಸಲಿ ಕೆಲಸ ಇರೋದೇ ಇಲ್ಲಿ. ಏಳನೇ ಐಟಂ ಹೀಗಿದೆ: "ನಾನು ಮಾತ್ರೆಯನ್ನು ಮರೆಯದೆ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತೇನೆ." 2 ಕೊಟ್ಟ ಇಬ್ಬರೂ ಬರೆದಿರೋದು ಒಂದೇ ಮಾತು, ಇದರಲ್ಲಿ ಎರಡು ಪ್ರಶ್ನೆ ಇವೆ ಅಂತ. ದಿನಾ ಮರೀದೇ ತಗೊಳ್ಳೋ ಮನುಷ್ಯ ಒಂದಿನ ಬೆಳಿಗ್ಗೆ, ಒಂದಿನ ಮಧ್ಯಾಹ್ನ ತಗೊಂಡ್ರೆ ಏನಂತ ಟಿಕ್ ಹಾಕ್ಬೇಕು? ವಿಷಯ ಬೇಡ ಅಂತ ಅವರು ಹೇಳ್ತಿಲ್ಲ, ವಾಕ್ಯ ಸರಿ ಇಲ್ಲ ಅಂತಿದಾರೆ. ಮಾತ್ರೆ ಮರೆಯೋದೇ ಈ ಸ್ಕೇಲ್‌ನ ಜೀವಾಳ, ಅದನ್ನ 0.67 ಬಂತು ಅಂತ ಕಿತ್ತುಹಾಕಿದ್ರೆ ಉಳಿಯೋದೇನು? ಇದನ್ನ ಎರಡಾಗಿ ಒಡೀರಿ, ಒಂದು ಮರೆಯೋದಕ್ಕೆ, ಒಂದು ಹೊತ್ತಿಗೆ, ಮತ್ತೆ ಕಳ್ಸಿ.

ಈ ತರ ಆಗೋದಕ್ಕೆ ಒಂದು ಕಾರಣ 2ಕ್ಕೆ ನೀವು ಕೊಟ್ಟಿರೋ ಅರ್ಥ. ಕೆಲವು ಫಾರಂಗಳಲ್ಲಿ 2 ಅಂದ್ರೆ "ಸ್ವಲ್ಪ ಸಂಬಂಧ", ಇನ್ನು ಕೆಲವದ್ರಲ್ಲಿ "ತಿದ್ದದೇ ಸಂಬಂಧ ಇದೆಯೋ ಇಲ್ವೋ ಹೇಳೋಕಾಗಲ್ಲ". ಎರಡನೇದಾಗಿದ್ರೆ ಸಂಬಂಧ ಮತ್ತು ಭಾಷೆ ಎರಡೂ ಒಂದೇ ನಂಬರಲ್ಲಿ ಕಲಸಿಹೋಗಿರ್ತವೆ. ನಾನಂತೂ ಸಂಬಂಧಕ್ಕೆ ಒಂದು ಕಾಲಂ, ಸ್ಪಷ್ಟತೆಗೆ ಇನ್ನೊಂದು ಕಾಲಂ ಇಡ್ರಿ ಅಂತೀನಿ, ಎಕ್ಸ್‌ಪರ್ಟ್‌ಗಳಿಗೆ ಸ್ವಲ್ಪ ಕೆಲಸ ಜಾಸ್ತಿ ಆಗತ್ತೆ, ಆಗ್ಲಿ.

ಹನ್ನೊಂದನೇ ಐಟಂ: "ನನ್ನ ಬಿಪಿ ಕಂಟ್ರೋಲಿನಲ್ಲಿದೆ." ಇದಕ್ಕೆ ಒಪ್ಪಿದ ಮೂವರಲ್ಲಿ ಇಬ್ಬರೂ ಫಿಸಿಷಿಯನ್‌ಗಳು, ಇನ್ನೊಬ್ಬರು ಒಬ್ಬ ನರ್ಸಿಂಗ್ ಟೀಚರ್. ಬೇಡ ಅಂದವರು ಸೈಕಾಲಜಿಸ್ಟ್, ಫಾರ್ಮಸಿಸ್ಟ್, ಮತ್ತೆ ಇನ್ನೊಬ್ಬ ನರ್ಸಿಂಗ್ ಟೀಚರ್. ಡಾಕ್ಟರಿಗೆ ಬಿಪಿ ಎಷ್ಟಿದೆ ಅನ್ನೋದೇ ಮುಖ್ಯ, ಆದ್ರಿಂದ 4 ಕೊಟ್ರು. ಆದ್ರೆ ಸ್ಕೇಲ್ ಅಳೆಯೋದು ಮಾತ್ರೆ ತಗೊಳ್ಳೋ ನಡವಳಿಕೆನ, ಬಿಪಿ ಅನ್ನೋದು ಅದರ ಪರಿಣಾಮ, ಅದೂ ಮಾತ್ರೆ ಒಂದರಿಂದಲೇ ಅಲ್ಲ. ಎಲ್ಲಾ ಸರಿಯಾಗಿ ತಗೊಂಡ್ರೂ ಬಿಪಿ ಇಳೀದೇ ಇರೋರು ಇದಾರಲ್ಲ. ಈ ಐಟಂ ಇಟ್ಕೊಂಡ್ರೆ, ಮುಂದೆ "ಮಾತ್ರೆ ಸರಿಯಾಗಿ ತಗೊಂಡೋರಿಗೆ ಬಿಪಿ ಕಂಟ್ರೋಲ್ ಆಗತ್ತಾ" ಅಂತ ನೋಡೋಕೆ ಹೊರಟಾಗ ಉತ್ತರನ ನೀವೇ ಪ್ರಶ್ನೆಯೊಳಗೆ ತುಂಬಿದ ಹಾಗಾಗತ್ತೆ. ಇದನ್ನ ತೆಗೀರಿ, ಬೇಕಿದ್ರೆ ಬಿಪಿನ ಬೇರೆಯಾಗಿ ಅಳೆದು ಬರ್ಕೊಳ್ಳಿ.

ಹೀಗೆ ಪ್ಯಾನಲ್ ವೃತ್ತಿ ಪ್ರಕಾರ ಎರಡು ಪಾಲಾಗಿದ್ರೆ ಐಟಂ ಮಾತ್ರ ಅಲ್ಲ, ನಿಮ್ಮ ಕವರಿಂಗ್ ಲೆಟರನ್ನೂ ಒಂದ್ಸಲ ತೆಗೆದು ನೋಡಿ. "ಸಂಬಂಧ ಇದೆಯಾ" ಅಂತ ಕೇಳಿದೀರಿ ಸರಿ, ಯಾವುದಕ್ಕೆ ಸಂಬಂಧ ಅಂತ ಹೇಳಿದೀರಾ? ಅಳೀತಿರೋ ಪರಿಕಲ್ಪನೆಗೆ ಎರಡ್ಮೂರು ವಾಕ್ಯದ ಡೆಫಿನಿಷನ್, ಅದರ ಭಾಗಗಳು ಯಾವುವು, ಯಾವ ಐಟಂ ಯಾವ ಭಾಗಕ್ಕೆ, ಉತ್ತರ ಕೊಡೋರು ಯಾರು, ಇಷ್ಟೂ ಫಾರಂನಲ್ಲಿ ಇಲ್ದೇ ಇದ್ರೆ ಒಬ್ಬೊಬ್ಬರೂ ಅವರವರ ತಲೇಲಿರೋ ಡೆಫಿನಿಷನ್‌ಗೆ ಮಾರ್ಕ್ಸ್ ಕೊಡ್ತಾರೆ. ಆಗ ಬರೋ ಐ-ಸಿವಿಐಗೆ ಕಮ್ಮಿ ಬಂದ್ರೂ ಅರ್ಥ ಇಲ್ಲ, ಜಾಸ್ತಿ ಬಂದ್ರೂ ಇಲ್ಲ.

ಕಮ್ಮಿ ಬಂದಿದ್ದನ್ನ ಮಾತ್ರ ನೋಡಿ ಮುಗಿಸ್ಬೇಡಿ ಅಂತ್ಲೂ ಹೇಳ್ಬೇಕು. ಒಂಬತ್ತನೇ ಐಟಂ ("ಮಾತ್ರೆ ಖಾಲಿಯಾಗುವ ಮೊದಲೇ ಮತ್ತೆ ತಂದಿಟ್ಟುಕೊಳ್ಳುತ್ತೇನೆ") 0.83 ತಗೊಂಡು ಆರಾಮಾಗಿ ಪಾಸಾಗಿದೆ. ಬೇಡ ಅಂದ ಒಬ್ಬರು ಯಾರು? ಫಾರ್ಮಸಿಸ್ಟ್. ಅವರ ಕಾಮೆಂಟ್, ತಿಂಗಳಿಗೊಮ್ಮೆ ಇಂಥ ದಿನವೇ ಮಾತ್ರೆ ಕೊಡೋ ಕಡೆ ತಗೊಳ್ಳೋರಿಗೆ ಮುಂಚೆ ಹೋಗಿ ತರೋ ಅವಕಾಶಾನೇ ಇರಲ್ಲ, ಇದು ರೋಗಿಯ ನಡವಳಿಕೆ ಅಲ್ಲ, ಸರಬರಾಜಿನ ರೂಲ್ಸ್ ಅಂತ. ಪ್ಯಾನಲ್‌ನಲ್ಲಿ ಈ ವಿಷಯ ಹತ್ತಿರದಿಂದ ಬಲ್ಲ ಒಬ್ಬರೇ ಬೇಡ ಅಂತಿದಾರೆ, ಉಳಿದ ಐವರಿಗೆ ಅದು ಹೊಳೆದಿಲ್ಲ. ಲೆಕ್ಕಕ್ಕೆ ಎಲ್ಲರ ವೋಟೂ ಒಂದೇ, ಆದ್ರೆ ಓದೋರಿಗೆ ಹಾಗಾಗ್ಬಾರ್ದು. ನಾನಾಗಿದ್ರೆ ಪಾಸಾದ್ರೂ ಈ ಐಟಂ ತಿದ್ತಿದ್ದೆ.

ಅದೇ ರೀತಿ ಎಲ್ಲಾ ಐಟಂಗೂ 1.00 ಬಂದು ಒಂದೂ ಕಾಮೆಂಟ್ ಇಲ್ಲದ ಶೀಟ್ ನೋಡಿದ್ರೆ ನಂಗೆ ಖುಷಿ ಆಗಲ್ಲ, ಅನುಮಾನ ಬರತ್ತೆ. ಒಂದೇ ಡಿಪಾರ್ಟ್‌ಮೆಂಟಿನೋರು, ದಾಕ್ಷಿಣ್ಯಕ್ಕೆ ಮೇಲಿಂದ ಕೆಳಗೆ 4 ಎಳೆದಿರ್ತಾರೆ. ಎಲ್ಲರೂ 3 ಕೊಟ್ಟ ಐಟಮ್ಮೂ ಎಲ್ಲರೂ 4 ಕೊಟ್ಟ ಐಟಮ್ಮೂ ಈ ಸೂಚ್ಯಂಕಕ್ಕೆ ಒಂದೇ, ಆದ್ರಿಂದ ಮೂಲ ನಂಬರ್‌ಗಳನ್ನ ಕಣ್ಣಲ್ಲಿ ನೋಡ್ಲೇಬೇಕು. ಇನ್ನೊಂದು, ಬರೀದೇ ಬಿಟ್ಟ ಐಟಂಗೆ ಐ-ಸಿವಿಐ ಬರಲ್ಲ. ಫಾರಂ ಕೊನೇಲಿ "ಏನಾದ್ರೂ ಬಿಟ್ಟುಹೋಗಿದೆಯಾ" ಅಂತ ಒಂದು ಖಾಲಿ ಜಾಗ ಇಡಿ. ಈ ಪ್ರಶ್ನಾವಳೀಲಿ ಸೈಡ್ ಎಫೆಕ್ಟ್ ಆಯ್ತು ಅಂತ ತಾವಾಗೇ ಮಾತ್ರೆ ನಿಲ್ಲಿಸೋರ ಬಗ್ಗೆ ಒಂದೂ ಐಟಂ ಇಲ್ಲ ಅನ್ನೋದು ಅಲ್ಲಿಂದ ಗೊತ್ತಾಗ್ಬಹುದು.

ತಿದ್ದಿದ ಮೇಲೆ ಎರಡನೇ ರೌಂಡ್ ಮಾಡಿ. ಆಗ ಪೂರ್ತಿ ಪ್ಯಾನಲ್ ಬೇಕಿಲ್ಲ, ಮೊದಲ ಸಲ ಗಮನ ಕೊಟ್ಟು ಕಾಮೆಂಟ್ ಬರೆದವರಲ್ಲಿ ಮೂರರಿಂದ ಐದು ಜನ ಸಾಕು, ಆದ್ರೆ ಅಷ್ಟೇ ಜನ ಇರೋದ್ರಿಂದ ಈ ಸಲ ಎಲ್ಲರೂ ಒಪ್ಪಿರ್ಬೇಕು. ಏಳನೇದರಿಂದ ಒಡೆದ ಎರಡು ಐಟಂ, ತಿದ್ದಿದ ಒಂಬತ್ತನೇದು, ಹೊಸದಾಗಿ ಸೇರಿದ ಸೈಡ್ ಎಫೆಕ್ಟ್ ಐಟಂ ಇಷ್ಟೂ ಹೋಗ್ಬೇಕು, ಹಳೇ ಲಿಸ್ಟ್ ಜೊತೆಗೇ ಹೋದ್ರೆ ಅವರಿಗೂ ಪೂರ್ತಿ ಚಿತ್ರ ಕಾಣತ್ತೆ. ಥೀಸಿಸ್‌ನಲ್ಲಿ ಮೊದಲ ರೌಂಡಿನ ನಂಬರನ್ನ ಮುಚ್ಚಿಡ್ಬೇಡಿ, ಎರಡೂ ರೌಂಡಿನ ಐ-ಸಿವಿಐ ಟೇಬಲ್ ಹಾಕಿ, ಪಕ್ಕದಲ್ಲಿ ಒಂದು ಕಾಲಂ ಇಟ್ಟು ತೆಗೆದದ್ದು ಯಾಕೆ, ತಿದ್ದಿದ್ದು ಯಾಕೆ ಅಂತ ಒಂದೊಂದು ಸಾಲು ಬರೀರಿ. ನಿಮ್ಮ ಗೈಡ್‌ಗೆ ತೋರಿಸೋಕೂ ಅದೇ ಟೇಬಲ್ ತಗೊಂಡು ಹೋಗಿ, ಈ ಉದಾಹರಣೇಲಿ ಆದ್ರೆ ಹನ್ನೊಂದನೇದಕ್ಕೆ ಅವರ ಮಾತು ಸರಿ, ಏಳನೇದಕ್ಕೆ ಮಾತ್ರ ಒಪ್ಪಿಸ್ಬೇಕಾಗತ್ತೆ.