ಮೂರನೆಯ ಹುದ್ದೆಯ ಲೆಕ್ಕ

ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ಎಚ್.ಆರ್. ವಿಭಾಗದಲ್ಲಿದ್ದಾಗ ಇನ್ಶೂರೆನ್ಸ್ ಡೆಸ್ಕಿಗೆ ಮೂರನೆಯವರೊಬ್ಬರು ಬೇಕೆಂದು ನಾನು ಬರೆದ ಮೊದಲ ಪ್ರಸ್ತಾವ, ಫೈನಾನ್ಸ್ ಮುಖ್ಯಸ್ಥರ ಮುಂದೆ ಕಾಲು ಗಂಟೆಯೂ ನಿಲ್ಲಲಿಲ್ಲ. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳ ನೌಕರರು ಕ್ಯಾಶ್‌ಲೆಸ್ ಚಿಕಿತ್ಸೆಗೆ ನಮ್ಮಲ್ಲಿಗೆ ಬರತೊಡಗಿದ ಮೇಲೆ ತಿಂಗಳಿಗೆ ಸರಾಸರಿ 420 ಫೈಲುಗಳಾಗುತ್ತಿದ್ದವು, ಡೆಸ್ಕಿನಲ್ಲಿದ್ದವರು ಇಬ್ಬರೇ. ಒಂದು ಫೈಲಿಗೆ ಎಷ್ಟು ಹೊತ್ತು ಬೇಕೆಂದು ಅವರನ್ನೇ ಕೇಳಿ, ಅವರು ಹೇಳಿದ 75 ನಿಮಿಷವನ್ನು ಹಾಗೆಯೇ ಬರೆದುಕೊಂಡು, ಫೋನ್ ಮತ್ತು ವರದಿಗಳಿಗೆ ಒಬ್ಬೊಬ್ಬರಿಗೂ ದಿನಕ್ಕೆ ಎರಡು ಗಂಟೆ ಸೇರಿಸಿದ್ದೆ.

ಮುಖ್ಯಸ್ಥರು ಕ್ಯಾಲ್ಕ್ಯುಲೇಟರ್ ತೆಗೆದು ಒತ್ತುತ್ತಾ ಹೋದರು. ಆ ಎರಡು ನಿಮಿಷ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಆಮೇಲೆ ಅವರು, "ಮೇಡಂ, ನಿಮ್ಮ ಲೆಕ್ಕದಾಗ ಒಬ್ಬೊಬ್ರು ದಿನಕ್ಕ ಹನ್ನೆರಡು ತಾಸು ಕೆಲಸ ಮಾಡ್ತಾರ. ಒಂಬತ್ತೂವರೆಗೆ ಬಂದವರು ಊಟದ ಒಂದು ತಾಸು ಹಿಡಿದು ರಾತ್ರಿ ಹತ್ತೂವರೆಗೆ ಮನಿಗೆ ಹೋಗಬೇಕಲ್ರೀ? ಪಂಚಿಂಗ್ ನೋಡಿದ್ರ ಎಂಟರೊಳಗ ಹೋಗ್ಯಾರ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಪಂಚಿಂಗ್ ದಾಖಲೆ ನನ್ನದೇ ವಿಭಾಗದಲ್ಲಿತ್ತು. ಅದನ್ನು ತೆರೆದು ನೋಡದೆ ಹೋದದ್ದು ಇಂದಿಗೂ ಚುಚ್ಚುತ್ತದೆ.

ಡೆಸ್ಕಿನವರು ಸುಳ್ಳು ಹೇಳಿರಲಿಲ್ಲ. ಅವರಿಗೆ ನೆನಪಿದ್ದದ್ದು ತೊಡಕಿನ ಫೈಲುಗಳು. ಅದರಲ್ಲೂ ಡಿಸ್ಚಾರ್ಜ್ ಸಮ್ಮರಿಗೆ ಡಾಕ್ಟರರ ಸಹಿ ಬರುವವರೆಗೆ ಕಾಯುವ ಹೊತ್ತನ್ನೂ ಅವರು ಕೆಲಸವೆಂದೇ ಎಣಿಸಿದ್ದರು, ಆ ಹೊತ್ತಿನಲ್ಲಿ ಬೇರೆ ಫೈಲು ನೋಡುತ್ತಿದ್ದರೂ ಸಹ. ಆದ್ದರಿಂದ ಮೂರು ವಾರ ಪ್ರತಿ ಫೈಲನ್ನು ಕೈಗೆತ್ತಿಕೊಂಡ ಮತ್ತು ಬದಿಗಿಟ್ಟ ಸಮಯವನ್ನು ಒಂದು ಹಾಳೆಯಲ್ಲಿ ಬರೆಯಿಸಿದೆವು. ಚಿಕಿತ್ಸೆಗೆ ಮೊದಲು ವಿಮಾ ಕಂಪನಿಯ ಒಪ್ಪಿಗೆ ಕೇಳುವ ಪ್ರೀ-ಆಥ್ ಮತ್ತು ಅಂತಿಮ ಬಿಲ್ ಸೇರಿ ಒಂದು ಫೈಲಿಗೆ 48 ನಿಮಿಷ ಬಂತು. ಹತ್ತರಲ್ಲಿ ಮೂರು ಫೈಲುಗಳಿಗೆ ಕಂಪನಿಯಿಂದ ವಿವರಣೆ ಕೇಳುವ ಕ್ವೆರಿ ಬಂದು, ಅವಕ್ಕೆ ಮತ್ತೆ ಅರ್ಧ ಗಂಟೆ ಹಿಡಿಯುತ್ತಿತ್ತು. ಫೋನ್ ಮತ್ತು ವರದಿಗಳಿಗೆ ಇಬ್ಬರಿಂದ ಸೇರಿ ದಿನಕ್ಕೆ ಎರಡೇ ಗಂಟೆ. ಎಲ್ಲ ಕೂಡಿ ತಿಂಗಳಿಗೆ 451 ಗಂಟೆಗಳ ಕೆಲಸ.

ಇನ್ನೊಂದು ತಪ್ಪು ನನಗೇ ವಿರುದ್ಧವಾಗಿತ್ತು. ಒಬ್ಬರಿಂದ ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಅಂದರೆ 208 ಗಂಟೆ ಸಿಗುತ್ತದೆಂದು ಹಿಡಿದಿದ್ದೆ. ರಜೆ ಮತ್ತು ಹಬ್ಬದ ದಿನಗಳನ್ನು ಕಳೆದರೆ ಉಳಿಯುವುದು 23 ದಿನ. ಚಹಾ, ಹಸ್ತಾಂತರ, ಸಭೆಗಳನ್ನು ಬಿಟ್ಟರೆ ದಿನಕ್ಕೆ 7 ಗಂಟೆ. ಆಗ ಸಿಗುವುದು 161. ಇಬ್ಬರಿಂದ 322 ಗಂಟೆಯಾದರೆ 129 ಗಂಟೆಗಳ ಕೆಲಸವನ್ನು ಯಾರು ಮಾಡುತ್ತಿದ್ದಾರೆಂಬ ಪ್ರಶ್ನೆ ಉಳಿಯಿತು. ಪಂಚಿಂಗ್ ಪ್ರಕಾರ ಇಬ್ಬರ ಓವರ್‌ಟೈಮ್ 60 ಗಂಟೆ. ಉಳಿದ 69 ಗಂಟೆ ಎಲ್ಲೂ ಸಿಗದೆ ಎರಡು ದಿನ ಹುಡುಕಿದೆ. ಮೂರನೆಯ ದಿನ ಸಂಜೆ ಡೆಸ್ಕಿನ ಬಳಿ ಕುಳಿತಾಗ, ಬಿಲ್ಲಿಂಗ್ ಕೌಂಟರಿನ ಹುಡುಗನೊಬ್ಬ ನಾಲ್ಕು ಗಂಟೆಗೆ ಬಂದು ಏಳರವರೆಗೆ ಸ್ಕ್ಯಾನಿಂಗ್ ಮತ್ತು ಅಪ್‌ಲೋಡ್ ಮಾಡುತ್ತಿರುವುದು ಕಂಡಿತು. ದಿನಕ್ಕೆ ಮೂರು ಗಂಟೆಯಂತೆ 23 ದಿನಕ್ಕೆ ಸರಿಯಾಗಿ 69. ಯಾವ ರೋಸ್ಟರಿನಲ್ಲೂ ಇಲ್ಲದ ಆ ದುಡಿಮೆಯೇ ಡೆಸ್ಕನ್ನು ನಿಲ್ಲಿಸಿತ್ತು; ಕೌಂಟರಿನಲ್ಲಿ ಸಂಜೆಯ ಸಾಲು ಉದ್ದವಾಗುತ್ತಿದ್ದುದಕ್ಕೂ ಅದೇ ಕಾರಣವಾಗಿತ್ತು.

ಎರಡನೆಯ ಸಭೆಗೆ ಹೋಗುವ ಮುನ್ನ ಕ್ವೆರಿಗಳನ್ನು ಬಿಡಿಸಿ ನೋಡಿದೆ. ಅರ್ಧದಷ್ಟು ವಾರ್ಡಿನಿಂದ ಸಹಿಯಿಲ್ಲದ ಅಥವಾ ರಿಪೋರ್ಟ್ ಇಲ್ಲದ ಫೈಲು ಬಂದದ್ದರಿಂದ ಹುಟ್ಟಿದವು. ಅವುಗಳಿಗೆ ಆಳು ಕೇಳುವುದು ನ್ಯಾಯವಲ್ಲವೆಂದು ಆ ಗಂಟೆಗಳನ್ನು ನಾನೇ ಕಳೆದೆ, ಒಬ್ಬರಿಗೆ 161 ಗಂಟೆಯಂತೆ 2.8 ಜನ ಆಗಿದ್ದ ಅಗತ್ಯ 2.6ಕ್ಕೆ ಇಳಿಯಿತು. "0.6ಕ್ಕ ಪೂರ್ತಿ ಹುದ್ದೆ ಯಾಕ?" ಎಂದು ಮುಖ್ಯಸ್ಥರು ಕೇಳಿದರು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದ ದಿನಗಳಲ್ಲಿ ಎಷ್ಟು ಫೈಲು ಗಡುವು ಮೀರಿದವೆಂಬ ಪಟ್ಟಿಯನ್ನು ಮುಂದಿಟ್ಟೆ.

ಹಣದ ಲೆಕ್ಕದಲ್ಲಿ ಹುಡುಗನ 69 ಗಂಟೆಗಳನ್ನು ಉಳಿತಾಯವೆಂದು ತೋರಿಸಲಿಲ್ಲ. ಅವನ ಸಂಬಳ ಹೇಗೂ ನಡೆಯುತ್ತದೆ, ಆದ್ದರಿಂದ ಅದರಿಂದ ರೂಪಾಯಿ ಉಳಿಯದು. ನಿಜವಾಗಿ ನಿಲ್ಲುವ ಓವರ್‌ಟೈಮ್ ವರ್ಷಕ್ಕೆ ಸುಮಾರು 1.2 ಲಕ್ಷ. ಫೈಲುಗಳನ್ನು ತಡವಾಗಿ ಕಳುಹಿಸಿದ್ದಕ್ಕೆ ಹಿಂದಿನ ವರ್ಷ ನಮ್ಮ ಬಿಲ್ಲುಗಳಲ್ಲಿ ಕಡಿತವಾದದ್ದು 3.1 ಲಕ್ಷ; ಸಹಿ ತಡವಾದದ್ದರಿಂದ ಹೋದ ಪಾಲನ್ನು ಬಿಟ್ಟು ಅದರ ಅರ್ಧವನ್ನಷ್ಟೇ ಹಿಡಿದೆ. ಪಿ.ಎಫ್., ಇ.ಎಸ್.ಐ. ಸೇರಿ ಹುದ್ದೆಯ ಖರ್ಚು 2.6 ಲಕ್ಷ, ಮರಳುವುದು 2.75. ಅಂತರ ಸಣ್ಣದೆಂದು ನಾನೇ ಮೊದಲು ಹೇಳಿದೆ. ಅವರು ಪ್ರತಿ ಸಾಲನ್ನೂ ಪಂಚಿಂಗ್ ಜೊತೆ ತಾಳೆ ನೋಡಿ, ಆರು ತಿಂಗಳ ನಂತರ ಅದೇ ಹಾಳೆಯನ್ನು ಮತ್ತೆ ತೋರಿಸಬೇಕೆಂಬ ಷರತ್ತಿನೊಂದಿಗೆ ಸಹಿ ಹಾಕಿದರು. ಹೊಸಬರು ಸೇರಿದ ವಾರವೇ ಬಿಲ್ಲಿಂಗ್ ಹುಡುಗ ಸಂಜೆಯ ಕೌಂಟರಿಗೆ ಮರಳಿದ.